ಒಂದು ನಂಬರ್ ಮನೆಯದು, ಒಂದು ನನ್ನದು

ನನ್ನ ಗಂಡ ತೀರಿಕೊಂಡ ಹದಿಮೂರನೆಯ ದಿನದ ಊಟಕ್ಕೆ ಅವರ ಆಫೀಸಿನವರೊಬ್ಬರು ಬಂದಿದ್ದರು. ಕೈ ತೊಳೆದು ಬಂದವರು ನನ್ನೆದುರು ನಿಂತು, "ಭಾಭೀಜಿ, ಅವರು ಬರೆದ ಆ ಒಂದು ಸಾಲು ಸಾಕು. ಇಡೀ ಬ್ರ್ಯಾಂಡ್ ಅದರ ಮೇಲೆ ನಿಂತಿತು" ಎಂದರು. ನಾನು ತಲೆಯಾಡಿಸಿದೆ. ಆ ಸಾಲು ಅವರದಲ್ಲ ಎಂದು ಹೇಳುವ ಹೊತ್ತು ಅದಾಗಿರಲಿಲ್ಲ.

ಆ ಸಾಲು ಹುಟ್ಟಿದ ಕಾಲಕ್ಕೆ ನಾವು ರಾಜಧಾನಿಯ ಜನಕಪುರಿಯಲ್ಲಿದ್ದೆವು. ಇವರು ಓಖ್ಲಾದ ಒಂದು ಮೊಬೈಲ್ ಕಂಪನಿಯ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದರು. ಕಂಪನಿ ಅಗ್ಗದ ಸ್ಮಾರ್ಟ್‌ಫೋನ್ ತರಲು ಹೊರಟಿತ್ತು. ಆ ಕಾಲಕ್ಕೆ ಸ್ಮಾರ್ಟ್ ಎಂದರೆ ಪುಟ್ಟ ಗುಂಡಿಗಳ ಪೂರ್ತಿ ಕೀಬೋರ್ಡು, ಇಮೇಲು. ಇದರಲ್ಲಿ ಎರಡು ಸಿಮ್‌ಗಳನ್ನೂ ಹಾಕಬಹುದಿತ್ತು.

"ಎಲ್ಲರಿಗೂ ಮಾರ್ತೀವಿ ಅಂದ್ರೆ ಯಾರಿಗೂ ಮಾರಲ್ಲ ಕಣೇ" ಎಂದು ಇವರು ಚಪಾತಿ ಮುರಿಯುತ್ತಾ ಹೇಳುತ್ತಿದ್ದರು. "ಮೊದಲು ಜನರನ್ನ ಗುಂಪು ಮಾಡ್ಬೇಕು. ವಯಸ್ಸು, ಸಂಬಳ ನೋಡಿದ್ರೆ ಸಾಲದು, ಫೋನು ಯಾಕೆ ಬೇಕು ಅನ್ನೋದನ್ನೂ ನೋಡ್ಬೇಕು. ಆಮೇಲೆ ನಮ್ಮ ಕೈಗೆ ಎಟುಕೋ ಒಂದು ಗುಂಪನ್ನ ಆರಿಸ್ಕೋಬೇಕು. ಕೊನೆಗೆ ಅವರ ತಲೇಲಿ ನಮ್ಮ ಫೋನಿಗೆ ಒಂದು ಜಾಗ ಹಿಡೀಬೇಕು."

"ಬಸ್ಸಲ್ಲಿ ಟವೆಲ್ ಹಾಕಿದ ಹಾಗೆ?"

"ಹೂಂ, ಹಾಗೇ. ನಿನ್ನನ್ನೇ ಮ್ಯಾನೇಜರ್ ಮಾಡ್ಬೇಕು."

ಹೆಂಗಸರು ಗಂಡಸರೊಂದಿಗೆ ಬಿಚ್ಚಿ ಮಾತಾಡುವುದಿಲ್ಲವೆಂದು ನನ್ನನ್ನೂ ಸಮೀಕ್ಷೆಗೆ ಕಳಿಸಿದರು. ಇವರದೊಂದು ಪದ್ಧತಿಯಿತ್ತು. ಯಾವ ಫೋನ್ ಇಷ್ಟ ಎಂದು ಕೇಳಬಾರದು, ಫೋನಿನ ಜೊತೆ ಏನೇನು ಇಟ್ಟುಕೊಂಡಿದ್ದೀರಿ ತೋರಿಸಿ ಎನ್ನಬೇಕು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ತಂದೊಪ್ಪಿಸಬೇಕು.

ನನ್ನ ಬ್ಲೌಸ್ ಹೊಲಿಯುತ್ತಿದ್ದ ಹೆಂಗಸು ಹಿಂದಿನ ಗಲ್ಲಿಯಲ್ಲಿದ್ದಳು. ಕೇಳಿದಾಗ ಬಾಗಿಲು ಮುಂದೆ ಮಾಡಿ, ಗುಂಡಿಗಳ ಡಬ್ಬಿಯಿಂದ ಒಂದು ಸಿಮ್ ತೆಗೆದಳು. ಅತ್ತೆ ಮಲಗಿದಾಗ ಅದನ್ನು ಫೋನಿಗೆ ಹಾಕಿ ಗಿರಾಕಿಗಳೊಂದಿಗೆ ಮಾತಾಡುತ್ತಿದ್ದಳು. ಮನೆಯ ನಂಬರಿಗೆ ಅವರು ಫೋನ್ ಮಾಡಿದರೆ ಗಂಡನೋ ಅತ್ತೆಯೋ ಎತ್ತಿ, ಇಲ್ಲ ಎಂದು ಇಟ್ಟುಬಿಡುತ್ತಿದ್ದರು.

"ಏಕ್ ನಂಬರ್ ಘರ್ ಕಾ, ಏಕ್ ಮೇರಾ" ಎಂದು ನಕ್ಕಳು. ಒಂದು ಮನೆಯದು, ಒಂದು ನನ್ನದು. "ದೀದಿ, ಎರಡೂ ಒಟ್ಟಿಗೆ ಇರೋ ಫೋನ್ ಬಂದ್ರೆ ಮೊದಲು ನಂಗೇ ಹೇಳಿ. ಇದು ಯಾರಿಗೂ ಗೊತ್ತಿಲ್ಲ."

ಮನೆಗೆ ಬಂದು ಒಪ್ಪಿಸಿದಾಗ ಇವರು ಆ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿದರು. ಮನೆಯಲ್ಲೇ ದುಡಿಯುವ ಹೆಂಗಸರೇ ನಮ್ಮ ಗುಂಪು ಎಂದರು. ನಾನು ನಂಬಿದೆ.

ಆದರೆ ಕೊನೆಗೆ ಆರಿಸಿದ್ದು ಕಾಲೇಜು ಹುಡುಗರನ್ನು. ಅದಕ್ಕೆ ಇವರು ಕೊಟ್ಟ ಕಾರಣಗಳು ಸರಿಯಾಗಿಯೇ ಇದ್ದವು. ಆ ಹೆಂಗಸರ ಫೋನನ್ನು ಗಂಡಂದಿರು ಕೊಳ್ಳುತ್ತಾರೆ, ಅಂಗಡಿಗೆ ಹೆಂಗಸರು ಬರುವುದೇ ಇಲ್ಲ, ಅವರನ್ನು ಮುಟ್ಟುವ ಖರ್ಚು ಹುಟ್ಟುವುದಿಲ್ಲ. ಹುಡುಗರಾದರೆ ಕ್ಯಾಂಟೀನಿನಲ್ಲಿ, ಎಫ್‌ಎಂನಲ್ಲಿ ಸಿಗುತ್ತಾರೆ. ದುಬಾರಿ ಫೋನಿನ ಠೀವಿ ಕಡಿಮೆ ಬೆಲೆಗೆ ಬೇಕೆನ್ನುವವರು. ನನಗೆ ಬೇಸರವಾಯಿತು, ಅಷ್ಟೆ.

ಆಮೇಲೆ ಮೆಟ್ರೋ ಕೆಳಗಿನ ರಸ್ತೆಯಲ್ಲಿ ಜಾಹೀರಾತು ಕಂಡೆ. ಒಬ್ಬ ಹುಡುಗ, ಕೈಯಲ್ಲಿ ಫೋನು, ಕಣ್ಣು ಹೊಡೆಯುತ್ತಿದ್ದಾನೆ. ಹಿಂದೆ ಮಸುಕಾಗಿ ಒಂದು ಹುಡುಗಿ. ಮೇಲೆ ದಪ್ಪಕ್ಷರದಲ್ಲಿ ನನ್ನ ಬ್ಲೌಸ್ ಹೊಲಿಯುವವಳ ಮಾತು. ಏಕ್ ನಂಬರ್ ಘರ್ ಕಾ, ಏಕ್ ಮೇರಾ.

ಸಂಜೆ ಇವರನ್ನು ಕೇಳಿದೆ.

"ರೀ, ಅದು ಅವಳ ಮಾತು."

"ಅವಳ ಹೆಸರು ಎಲ್ಲೂ ಇಲ್ವಲ್ಲ."

"ಅವಳು ಅದನ್ನ ನೋಡಲ್ವಾ?"

"ನೋಡಿದ್ರೇನು? ಅವಳು ನಮ್ಮ ಟಾರ್ಗೆಟ್ ಅಲ್ಲ" ಎಂದು ಟಿವಿಯ ಸದ್ದು ಜಾಸ್ತಿ ಮಾಡಿದರು.

ಟಾರ್ಗೆಟ್ ಅಲ್ಲದವರಿಗೂ ಕಣ್ಣಿರುತ್ತದೆ. ಕೆಲವೇ ವಾರಗಳಲ್ಲಿ ಗಲ್ಲಿಯ ಹುಡುಗರ ಬಾಯಲ್ಲೆಲ್ಲಾ ಅದೇ ಸಾಲು. ಎರಡನೇ ನಂಬರ್ ಎಂದರೆ ಕದ್ದುಮುಚ್ಚಿ ಪ್ರೀತಿ ಎಂದೇ ಆಯಿತು. ಇವರು ಹೇಳಿದ ಜಾಗ ಹಿಡಿಯುವುದು ಎಂದರೆ ಇದೇ. ಆದರೆ ಅದು ಹುಡುಗರ ತಲೆಯಲ್ಲಿ ಮಾತ್ರ ನಿಲ್ಲಲಿಲ್ಲ, ಅವಳ ಅತ್ತೆಯ ತಲೆಯಲ್ಲೂ ಕೂತಿತು. ಗುಂಡಿಗಳ ಡಬ್ಬಿಯೊಳಗೆ ಹುಡುಕುವಾಗ ಸಿಮ್ ಅತ್ತೆಯ ಕೈಗೆ ಸಿಕ್ಕಿತು. ಅದು ಬ್ಲೌಸಿನ ಗಿರಾಕಿಗಳಿಗೆಂದು ಅವಳೆಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಗಂಡ ಸಿಮ್ ಮುರಿದ.

ಅದನ್ನೆಲ್ಲ ಅವಳೇ ಬಾಗಿಲಲ್ಲಿ ನಿಂತು ಹೇಳಿದಳು. ಒಳಗೆ ಕರೆಯಲಿಲ್ಲ. ನಾನು ಬ್ಲೌಸಿಗೆಂದು ಕೊಟ್ಟಿದ್ದ ಬಟ್ಟೆಯನ್ನು ಕತ್ತರಿಸದೆಯೇ ಮಡಚಿ ವಾಪಸ್ ಕೊಟ್ಟಳು.

"ದೀದಿ, ಆ ಮಾತು ನಾನು ನಿಮಗೊಬ್ಬರಿಗೇ ಹೇಳಿದ್ದು."

ಮನೆಗೆ ಬಂದು ಇವರಿಗೆ ಹೇಳಿದಾಗ, "ಅಚ್ಛಾ" ಎಂದರು. ಆ ವರ್ಷ ಅವರಿಗೆ ಬಡ್ತಿಯಾಯಿತು.

ಇವರ ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಎಷ್ಟೋ ಮಾತಾಡಿದೆವು. ಇದನ್ನು ಅವರು ಎತ್ತಲಿಲ್ಲ. ನಾನು ಕಾದೆ. ಈಗ ಅವರಿಲ್ಲದ ಮನೆಯಲ್ಲಿ ಅಳು ಬರುತ್ತದೆ, ಅದರ ನಡುವೆಯೇ ಸಿಟ್ಟೂ ಬರುತ್ತದೆ. ಯಾವುದು ಯಾವಾಗ ಎಂದು ತಿಳಿಯುವುದಿಲ್ಲ. ಅವಳು ಮಡಚಿ ಕೊಟ್ಟ ಆ ಬಟ್ಟೆಯನ್ನು ಇನ್ನೂ ಯಾರಿಗೂ ಹೊಲಿಯಲು ಕೊಟ್ಟಿಲ್ಲ.