ಬೂದಿ ತೊಳೆದಾಗ ಕಂಡ ಕೆಂಪು ಗೆರೆ

ಗೋಣಿಕೊಪ್ಪಲಿನಲ್ಲಿ ಕರಿಮೆಣಸಿನ ಮಂಡಿಯ ಮೇಲಿನ ಸ್ಟುಡಿಯೋದಲ್ಲಿ ಶೋಭಿತಾಳದು ಹನ್ನೊಂದು ವರ್ಷದ ದುಡಿಮೆ. ಮದುವೆ ವೀಡಿಯೋಗಳಿಗೆ ಬಣ್ಣ ಕೂಡಿಸುವುದು ಅವಳ ಕೆಲಸ. ಕಪ್ಪಗಿನ ಮದುಮಗಳನ್ನು ಬೆಳ್ಳಗೆ ಮಾಡಿಕೊಡು ಎಂದು ಬೀಗರೇ ಬಂದು ಕೂರುವ ಊರು ಇದು. ಅವಳು ಮಾಡಿಕೊಟ್ಟಿದ್ದಾಳೆ, ಮಾಡಿದ ದಿನ ಊಟ ಸೇರದೆ ಎದ್ದೂ ಇದ್ದಾಳೆ.

ಮೇ ಕೊನೆಯ ವಾರ ಬಿಟ್ಟಂಗಾಲ ಕಡೆಯ ಒಂದು ಎಸ್ಟೇಟಿನವರ ಹೋಂಸ್ಟೇ ಜಾಹೀರಾತಿನ ಕೆಲಸ ಬಂತು. ಡ್ರೋನ್ ಹಾರಿಸಿದ್ದು ಸ್ಟುಡಿಯೋ ಮಾಲೀಕ ನವೀನ್‌ಕುಮಾರ್. ಗುಡ್ಡದ ಮೇಲೆ ಕಾಟೇಜುಗಳಿಗೆಂದು ಜೆಸಿಬಿ ಕಡಿದ ಹೊಸ ರಸ್ತೆ, ಅದರ ಕೆಳಗೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಒಂದೇ ಸಾಲಿಗೆ ಕೂಲಿಯವರ ಹನ್ನೆರಡು ಲೈನ್ ಮನೆಗಳು. ಅಲ್ಲಿನ ನಾಲ್ಕನೇ ಮನೆ ಶೋಭಿತಾಳ ಚಿಕ್ಕಮ್ಮ ಬೆಳ್ಳಮ್ಮನದು.

ಚಿತ್ರವೆಲ್ಲ ‘ಲಾಗ್’ ಎಂಬ ಸೆಟ್ಟಿಂಗಿನಲ್ಲಿ ತೆಗೆದದ್ದು. ಬಿಸಿಲೂ ನೆರಳೂ ಎರಡೂ ಉಳಿಯಲೆಂದು ಕ್ಯಾಮೆರಾ ಅವನ್ನು ಒತ್ತಿ ಹಿಡಿದಿಡುತ್ತದೆ. ತೆರೆದು ನೋಡಿದರೆ ಬೂದಿ ಕಲಸಿದ ನೀರಿನಂತೆ ಎಲ್ಲ ಸಪ್ಪೆ. ಯಾವ ಕ್ಯಾಮೆರಾ ಹೇಗೆ ಒತ್ತಿತೋ ಅದರ ಲೆಕ್ಕಕ್ಕೇ ಬಿಚ್ಚುವ ‘ಲಟ್’ ಎಂಬ ಫೈಲು ಹಾಕಿದರೆ ಕಣ್ಣಿಗೆ ಕಂಡ ಹಾಗಾಗುತ್ತದೆ. ಬೇಕಾದ ಬಣ್ಣ ಕೂಡಿಸುವ ಗ್ರೇಡಿಂಗ್ ಆಮೇಲಿನದು. ಆದರೆ ಈ ಸ್ಟುಡಿಯೋದ ರೂಢಿ ಬೇರೆ: ದೊಡ್ಡ ಮದುವೆ ಕ್ಯಾಮೆರಾದ ಲಟ್ಟನ್ನೇ ಡ್ರೋನಿಗೂ ಎಳೆದುಬಿಡುವುದು. ಅವಳೂ ಎಳೆದಳು. ಸಿಲ್ವರ್ ಓಕ್ ಮರಗಳಡಿಯ ನೆರಳೆಲ್ಲ ಮಸಿಯಾಗಿ ಮುಳುಗಿತು, ಹಸಿರು ಉರಿಯಿತು.

“ಸೂಪರ್! ಇನ್ನೊಂಚೂರು ಹಸಿರು ಏರಿಸು,” ಎಂದ ನವೀನ್‌ಕುಮಾರ್.

ಏರಿಸುವ ಮುನ್ನ ಅವಳ ಕೈ ತಡೆಯಿತು. ಇಷ್ಟು ಕಪ್ಪು ಎಲ್ಲಿಂದ ಬಂತು? ಆ ಲಟ್ ತೆಗೆದು, ಡ್ರೋನಿನ ಲಾಗ್‌ಗೆಂದೇ ಇರುವುದನ್ನು ಹಾಕಿದಳು. ಮಸಿ ತೆರೆಯಿತು. ಮರಗಳಡಿಯಲ್ಲಿ ಇಳಿಜಾರಿನ ಅಡ್ಡಕ್ಕೆ, ಹಸಿ ಗಾಯದ ಹಾಗೆ, ಕೆಂಪು ಮಣ್ಣಿನ ಗೆರೆ. ಗೆರೆಯ ಮೇಲಿನ ಎರಡು ಮರ ಲೈನಿನ ಕಡೆಗೆ ವಾಲಿದ್ದವು.

“ಅಣ್ಣಾ, ಗುಡ್ಡ ಬಿರಿದಿದೆ.”

“ಬಣ್ಣದ ಆಟ ಮಾರಾಯ್ತಿ. ಹಸಿರು ಎಳೆದು ಮುಚ್ಚು, ನಾಳೆ ಕೊಡ್ಬೇಕು.”

ಅವಳು ಮುಚ್ಚಲಿಲ್ಲ. ಅದೇ ಚಿತ್ರದಲ್ಲಿ ಲೈನಿನ ಸುಣ್ಣದ ಗೋಡೆ ಬೆಳ್ಳಗೇ ಇತ್ತು, ಅಂಗಳದ ನೀಲಿ ಡ್ರಮ್ಮು ನೀಲಿಯೇ. ಹಾಗಾದರೆ ಮಣ್ಣು ಮಾತ್ರ ಸುಳ್ಳು ಹೇಳುತ್ತದೆಯೇ? ಕೂಲಿಯವರ ಲೆಕ್ಕ ಬರೆಯುವ ಎಸ್ಟೇಟಿನ ರೈಟರ್ ಮಾಯಿಲಪ್ಪನಿಗೆ ಫೋನ್ ಮಾಡಿದಳು. ಲೈನಿನವರನ್ನು ಎಬ್ಬಿಸುವ ಮಾತು ಅವನ ಬಾಯಿಂದಲೇ ಬರಬೇಕು.

ಮರುದಿನ ಬೆಳಿಗ್ಗೆ ಬಂದ ಮಾಯಿಲಪ್ಪ ಪರದೆ ನೋಡಿ ನಕ್ಕ. “ಕಾಗೆನ ಕೊಕ್ಕರೆ ಮಾಡೋರು ನೀವು. ನಿಮ್ಮ ಕೆಂಪು ನಂಬಿ ಹನ್ನೆರಡು ಮನೆ ಖಾಲಿ ಮಾಡ್ಸಿದ್ರೆ ಧಣಿ ನನ್ನ ಚರ್ಮ ಸುಲೀತಾರೆ.”

“ಮದುಮಗಳಿಗೆ ಮಾಡಿದ್ದು ನಿಜ ಮಾವ. ಅದು ಗ್ರೇಡಿಂಗ್. ಇದಕ್ಕೆ ನಾನಿನ್ನೂ ಕೈಯೇ ಹಾಕಿಲ್ಲ.” ಬೂದಿ ಚಿತ್ರ ತೋರಿಸಿದಳು, ಲಟ್ ಹಾಕಿ ತೋರಿಸಿದಳು. “ಇವತ್ತೇ ಇನ್ನೊಮ್ಮೆ ಹಾರಿಸೋಣ. ಅದೇ ಜಾಗ, ಅದೇ ಸೆಟ್ಟಿಂಗು, ಅದೇ ಲಟ್ಟು. ಗೆರೆ ಅಷ್ಟೇ ಇದ್ರೆ ನಾನೇ ಹಸಿರು ಬಳೀತೀನಿ.”

ನವೀನ್‌ಕುಮಾರ್ ಗೊಣಗಿದ, ಆದರೆ ಡ್ರೋನ್ ತಂದ. ಮೋಡ ತಗ್ಗಿ ಗುಡ್ಡದ ತಲೆ ಮುಟ್ಟುತ್ತಿತ್ತು. ಹಕ್ಕಿ ಸದ್ದಿಲ್ಲ. ಹಾರಿಸಿ ಮುಗಿದ ಮೇಲೆ ಜೀಪಿನ ಬಾನೆಟ್ಟಿನ ಮೇಲೇ ಲ್ಯಾಪ್‌ಟಾಪ್ ಇಟ್ಟು, ಐದು ದಿನ ಹಿಂದೆ ಮೊದಲ ಸಲ ಹಾರಿಸಿದಾಗಿನ ಚಿತ್ರ, ಇಂದಿನದು, ಎರಡನ್ನೂ ಪಕ್ಕಪಕ್ಕ ಬಿಚ್ಚಿದಳು. ಮೋಡದ ಬೆಳಕಿಗೆ ಇಂದಿನದು ಒಂಚೂರು ನೀಲಿ, ಅಷ್ಟೇ. ಮೊದಲು ಗೆರೆ ಮೂರನೇ ಮರಕ್ಕೆ ನಿಂತಿತ್ತು. ಈಗ ಏಳನೆಯದನ್ನು ದಾಟಿತ್ತು. ಬುಡದಲ್ಲಿ, ಲೈನಿನ ಹಿಂದೆ, ಕೆಂಪು ನೀರು ಒಸರುತ್ತಿತ್ತು.

ಮಾಯಿಲಪ್ಪ ಪರದೆ ಬಿಟ್ಟು ಗುಡ್ಡ ನೋಡಿದ. ಕೆಳಗಿನಿಂದ ಬರೀ ಮರ, ಬಳ್ಳಿ. ಅವನ ಫೋನ್ ಹೊಡೆದುಕೊಂಡಿತು, ಧಣಿ. ಎತ್ತಲಿಲ್ಲ.

ಪ್ರವಾಸಿಗಳ ಕಿಟಕಿಗೆ ನೋಟ ಬೇಕೆಂದು ಗುಡ್ಡ ಕಡಿಯಲು ಎಲ್ಲರಿಗೂ ಪುರುಸೊತ್ತಿತ್ತು. ಹನ್ನೆರಡು ಮನೆಯ ಹಿಂದಿನ ಇಳಿಜಾರನ್ನು ಒಮ್ಮೆ ಹತ್ತಿ ನೋಡಲು ಮಾತ್ರ ಯಾರಿಗೂ ಇರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ, ಮಾಯಿಲಪ್ಪನ ಮಾತಿನ ಮೇಲೆ, ಎಸ್ಟೇಟಿನ ಪಿಕಪ್ಪು ಲೈನಿನವರನ್ನು ಶಾಲೆಗೆ ಸಾಗಿಸತೊಡಗಿತು. ಕೊನೆಯ ಸುತ್ತಿಗೆ ಬೆಳ್ಳಮ್ಮ ಉಳಿದಿದ್ದಳು, ಕೋಳಿಗಳನ್ನು ಬುಟ್ಟಿಗೆ ತುರುಕುತ್ತಾ.

“ಅಲ್ವೇ ಶೋಭಿ, ಗುಡ್ಡ ಬೀಳದಿದ್ರೆ? ಊರೆಲ್ಲ ನಗುತ್ತೆ. ಮಾಯಿಲಪ್ಪನ ಕೆಲಸನೂ ಹೋಗುತ್ತೆ, ನಿಂದೂ.”

ಮೊದಲ ದಪ್ಪ ಹನಿಗಳು ಶೀಟಿನ ಮೇಲೆ ಬಿದ್ದವು. ಮೇಲೆಲ್ಲೋ ಒಂದು ಕಲ್ಲು ಉರುಳಿ, ಗಿಡಗಳನ್ನು ಮುರಿಯುತ್ತಾ ಬಂದು, ಎಲ್ಲೋ ನಿಂತಿತು.

“ನಗ್ಲಿ ಚಿಕ್ಕಮ್ಮ. ಗಾಡಿ ಹತ್ತು.”