ತಪ್ಪಾಗದ ಪದಗಳು

ಪ್ರಾರ್ಥನೆ ಮುಗಿಸಿ ನಾನು ತರಗತಿಗೆ ಬರುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಗಂಡನಿಗೆ ಶಿಕಾರಿಪುರದ ಪೇಟೆಯಲ್ಲಿ ಮಂಚ, ಬಾಗಿಲು, ಕಿಟಕಿ ಮಾಡುವ ಅಂಗಡಿ. ಅಂಗಿಯ ತೋಳಿಗೆ ಇನ್ನೂ ಮರದ ಹೊಟ್ಟು ಅಂಟಿಕೊಂಡಿತ್ತು. ಹೆಂಡತಿ ಸೊರಬದಲ್ಲಿ ಹುಟ್ಟಿ ಬೆಳೆದವರು. ಅವರ ಮಗಳು ನನ್ನ ಒಂದನೇ ತರಗತಿಯಲ್ಲಿದ್ದಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಎರಡರಲ್ಲೂ ಬಾಯಿ ಮುಚ್ಚದ ಹುಡುಗಿ.

"ಏನ್ರೀ ಟೀಚರ್ ಇದು?" ಎಂದು ಅಪ್ಪ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು.

ಹಿಂದಿನ ವಾರ ಮಕ್ಕಳಿಗೆ ಮನೆಯವರ ಚಿತ್ರ ಬರೆದು, ಕೆಳಗೆ ತಮಗೆ ತೋಚಿದಂತೆ ಒಂದು ಮಾತು ಬರೆಯಲು ಹೇಳಿದ್ದೆ. ಅವಳು ಸುತ್ತಿಗೆ ಹಿಡಿದ ಅಪ್ಪನನ್ನೂ ಪಕ್ಕದಲ್ಲಿ ಒಂದು ಮಂಚವನ್ನೂ ಬರೆದಿದ್ದಳು. ಕೆಳಗೆ ಇದ್ದದ್ದು ಹೀಗೆ: "ನನ ಅಬಾ ಮಚ ಮಾಡತರೆ." ನನ್ನ ಅಬ್ಬಾ, ಅಂದರೆ ಅಪ್ಪ, ಮಂಚ ಮಾಡ್ತಾರೆ ಎಂದು. ಅದಕ್ಕೆ ನಾನು ಒಂದು ನಕ್ಷತ್ರ ಹಾಕಿ ಕಳಿಸಿದ್ದೆ.

"ಇದನ್ನ ಅಂಗಡೀಲಿ ಗೋಡೆಗೆ ಅಂಟಿಸಿದ್ದೆ. ಗಿರಾಕಿ ಒಬ್ರು ಓದಿ, 'ಏನ್ ಸಾಹೇಬ್ರೆ, ಮಂಚ ಬಿಟ್ಟು ಮಚ್ಚು ಮಾಡಾಕ ಹತ್ತೀರೇನು' ಅಂತ ನಕ್ಕರು. ಎಲ್ಲರ ಮುಂದೆ. ಒಂದು ಪದಾನೂ ಸರಿ ಇಲ್ವಂತೆ. ನೀವು ನೋಡಿದ್ರೆ ಸ್ಟಾರ್ ಹಾಕೀರಿ!"

"ಎಲ್ಲಾ ತಪ್ಪು ಬರೆದ್ರೂ ಒಂದು ಕೆಂಪು ಗೆರೆ ಇಲ್ಲವಲ್ಲ ಟೀಚರ್," ಎಂದರು ತಾಯಿ. ಅವರ ಮುಖದಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. "ನಮ್ಮ ಹುಡುಗಿ ತಲೆಯಲ್ಲೇ ಏನಾದ್ರೂ ಐಬಿದೆಯಾ? ಇದ್ರೆ ಹೇಳಿಬಿಡಿ."

ಇಂಥ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಮಕ್ಕಳಿಗೆ ಬಣ್ಣ ಹಚ್ಚಲು ಒಂದು ಚಿತ್ರ ಕೊಟ್ಟು ಗಂಡ ಹೆಂಡತಿಯನ್ನು ಕೂರಿಸಿದೆ.

"ಐಬು ಏನೂ ಇಲ್ರೀ. ನೀವೇ ಒಂದ್ಸಲ ಮಂಚ ಅಂತ ಮೆಲ್ಲಗೆ ಹೇಳಿ ನೋಡಿ. ಮ, ಚ ಎರಡೂ ಚೆನ್ನಾಗಿ ಕೇಳಿಸುತ್ತೆ. ನಡುವಿನ ಸೊನ್ನೆಯ ಸದ್ದು ಮೂಗಲ್ಲೇ ಹಾದು ಹೋಗುತ್ತೆ. ಅದು ಕಿವಿಗೆ ಸಿಗೋದು ಕಷ್ಟ. ಅವಳು ಸಿಕ್ಕಿದ್ದನ್ನ ಬರೆದಿದ್ದಾಳೆ. 'ನನ್ನ', 'ಅಬ್ಬಾ' ಬರೆಯೋಕೆ ಒತ್ತಕ್ಷರ ಬೇಕು, ಅದನ್ನ ನಾನಿನ್ನೂ ಕಲಿಸಿಲ್ಲ. 'ಮಾಡ್ತಾರೆ' ನೋಡಿ. ಪುಸ್ತಕದಲ್ಲಿರೋ 'ಮಾಡುತ್ತಾರೆ' ಅಲ್ಲ, ನೀವು ಮನೇಲಿ ಆಡೋ ಮಾತನ್ನೇ ಹಿಡಿದಿದ್ದಾಳೆ. ಡ ಬರೆದು ಪಕ್ಕಕ್ಕೆ ತ ಇಟ್ಟಿದ್ದಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ, ಯಾವುದನ್ನೂ ನೋಡಿ ಬರೆದದ್ದೂ ಅಲ್ಲ."

"ತಪ್ಪೇ ರೂಢಿ ಆಗಿಬಿಟ್ರೆ?" ಎಂದರು ಅಪ್ಪ. "ಮರ ಓರೆ ಕೊಯ್ದ ಮೇಲೆ ಆಯ್ತಲ್ರೀ, ಮತ್ತೆ ಸರಿ ಮಾಡಾಕ ಬರಲ್ಲ."

ನನ್ನ ಉತ್ತರ ಅವರಿಗೆ ಹಿಡಿಸಲಿಲ್ಲ ಎಂದು ಅವರು ಹಾಳೆ ಮಡಚಿದ ರೀತಿಯಲ್ಲೇ ಗೊತ್ತಾಯಿತು.

ದಸರಾ ರಜೆ ಮುಗಿದ ಮೊದಲ ದಿನ ಅವರಿಬ್ಬರೂ ಮತ್ತೆ ಬಂದರು. ಈ ಸಲ ಮಗಳೂ ಜೊತೆಗಿದ್ದಳು, ಅಪ್ಪನ ಮುಖದಲ್ಲಿ ಗೆಲುವಿತ್ತು.

"ನೋಡ್ರಿ ಟೀಚರ್. ರಜೇಲಿ ನಾವೇ ಕೂತು ಬರೆಸಿದ್ವಿ. ತಪ್ಪಾದ ಕೂಡ್ಲೆ ಅಳಿಸೋದು, ಮತ್ತೆ ಬರೆಸೋದು. ಈಗ ಒಂದು ತಪ್ಪು ಹುಡುಕಿ ತೆಗೀರಿ."

ಹಾಳೆಯಲ್ಲಿ ನಿಜಕ್ಕೂ ಒಂದೂ ತಪ್ಪಿರಲಿಲ್ಲ. ಮರ. ಸರ. ಅರಸ. ಅಗಸ. ಬಸವ. ದನ. ಮತ್ತೆ ಮರ. ಮತ್ತೆ ಸರ. ಅಕ್ಷರಗಳು ಅಚ್ಚು ಹಾಕಿದಂತೆ ದುಂಡಗಿದ್ದವು. ಒಂದೆರಡು ಕಡೆ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೂತಾಗಿತ್ತು. ಒತ್ತೂ ಇಲ್ಲದ, ದೀರ್ಘವೂ ಇಲ್ಲದ ಈ ಪದಗಳನ್ನೆಲ್ಲ ನಾನು ಶಾಲೆ ಶುರುವಾದ ಹೊಸದರಲ್ಲಿ ಕಲಿಸಿದ್ದೆ.

"ರಜೇಲಿ ಎಲ್ಲಿಗೆ ಹೋಗಿದ್ದೆ ಪುಟ್ಟಿ?" ಎಂದು ಕೇಳಿದೆ.

ಅವಳ ಬಾಯಿ ತೆರೆದುಕೊಂಡಿತು. ಸೊರಬದ ಅಜ್ಜಿ, ಅವಳ ನಾನಿಯ ಮನೆಗೆ ಹೋಗಿದ್ದು, ಅಲ್ಲಿಂದ ಸೋದರಮಾವ ಮಾಮುವಿನ ಜೊತೆ ಗುಡವಿಯ ಕೆರೆಗೆ ಹೋಗಿದ್ದು, ನೀರಿನ ನಡುವೆ ನಿಂತ ಮರಗಳ ತುಂಬ ಹಕ್ಕಿಗಳಿದ್ದದ್ದು, ಅವುಗಳ ಕೊಕ್ಕು ಕುಡುಗೋಲಿನ ಹಾಗೆ ಬಾಗಿದ್ದದ್ದು, ಒಂದು ಮರಿ ತಾಯಿಹಕ್ಕಿಯ ಬಾಯಿಯೊಳಗೇ ತಲೆ ಹಾಕಿದ್ದು, ಅದನ್ನು ನೋಡಿ ತನ್ನ ಅಮ್ಮಿ ಹೆದರಿ ಕಣ್ಣು ಮುಚ್ಚಿಕೊಂಡಿದ್ದು, ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳಿದಳು. ತಾಯಿ ನಾಚಿ ನಕ್ಕರು.

"ಅದನ್ನೇ ಬರಿ," ಎಂದು ಹೊಸ ಹಾಳೆ ಕೊಟ್ಟೆ.

ಅವಳು ಪೆನ್ಸಿಲ್ ಹಿಡಿದು ಅಪ್ಪನ ಮುಖ ನೋಡಿದಳು. ಆಮೇಲೆ ಅಮ್ಮನ ಮುಖ. ಬಹಳ ಹೊತ್ತಿನ ಮೇಲೆ ದುಂಡಗೆ ಬರೆದಳು: "ಮರ." ಪೆನ್ಸಿಲ್ ಕೆಳಗಿಟ್ಟಳು.

"ಹಕ್ಕಿ?" ಎಂದೆ.

"ಹಕ್ಕಿ ಬೇಡ ಟೀಚರ್. ತಪ್ಪಾಗುತ್ತೆ. ಮರ ತಪ್ಪಾಗಲ್ಲ."

ಅವಳು ಅದನ್ನು ದುಃಖದಿಂದಲ್ಲ, ಬುದ್ಧಿವಂತಿಕೆಯಿಂದ ಹೇಳಿದಳು. ಬಿಸಿ ಪಾತ್ರೆ ಮುಟ್ಟಬಾರದೆಂದು ತಿಳಿದ ಮಗು ಹೇಳುವ ಹಾಗೆ. ಅಷ್ಟು ದೊಡ್ಡ ಕೆರೆ, ಅಷ್ಟೊಂದು ಹಕ್ಕಿ, ಎಲ್ಲ ಹೋಗಿ ಕಾಗದದ ಮೇಲೆ ಒಂದು ಮರ ಉಳಿದಿತ್ತು. ಇಷ್ಟು ವರ್ಷ ಚಿಕ್ಕ ಮಕ್ಕಳಿಗೆ ಕಲಿಸಿದ್ದರೂ, ಇಷ್ಟು ಬೇಗ ಒಂದು ಮಗು ಹೀಗೆ ಬಾಗಿಲು ಹಾಕಿಕೊಳ್ಳಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಅವಳನ್ನು ಆಟಕ್ಕೆ ಕಳಿಸಿದೆ.

ಅಪ್ಪ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು, ಹಿಂಬದಿಯಲ್ಲಿ ಇನ್ನೇನಾದರೂ ಇರಬಹುದೇನೋ ಎಂಬಂತೆ.

"ಯಾ ಅಲ್ಲಾ," ಎಂದರು ತಾಯಿ. "ಇದನ್ನ ನಾವೇ ಮಾಡಿದ್ದಾ?"

"ನೀವು ಅವಳ ಒಳ್ಳೇದಕ್ಕೇ ಮಾಡಿದ್ದು," ಎಂದೆ. "ಆದ್ರೆ ತಪ್ಪು ಹೋಗಿಲ್ಲ, ಬರೆಯೋದು ಹೋಗಿದೆ."

ಅಪ್ಪ ಹಾಳೆಯನ್ನು ಮೇಜಿನ ಮೇಲಿಟ್ಟು, "ಹಂಗಾದ್ರೆ ತಿದ್ದಲೇಬಾರದೇನ್ರೀ?" ಎಂದರು. ಈ ಸಲ ಅವರು ವಾದಕ್ಕೆ ಕೇಳಿದ್ದಲ್ಲ.

"ತಿದ್ದಬೇಕು. ಕಲಿಸಿದ ಪದ ತಪ್ಪಾದ್ರೆ ನಾನು ತಿದ್ತೀನಿ. ಮರ ಅನ್ನೋದನ್ನ ಮಾರ ಅಂತ ಬರೆದ್ರೆ ಬಿಡಲ್ಲ. ದಿನಾ ಅಕ್ಷರ, ಪದ, ಓದು ಎಲ್ಲಾ ಕಲಿಸ್ತೀನಿ. ಆದ್ರೆ ತನ್ನ ಮಾತು ಬರೆಯೋವಾಗ ಕಲೀದೆ ಇರೋ ಪದ ಬಂದೇ ಬರುತ್ತೆ. ಆಗ ಸದ್ದು ಕೇಳಿ ತಾನೇ ಅಕ್ಷರ ಹುಡುಕಲಿ. ಆ ಹುಡುಕಾಟದಲ್ಲೇ ಅಕ್ಷರ ಗಟ್ಟಿ ಆಗೋದು. ಓದ್ತಾ ಓದ್ತಾ, ಒತ್ತು ಕಲಿತಾ ಕಲಿತಾ ಸರಿ ರೂಪ ಬರುತ್ತೆ. ಬರದೆ ಅಲ್ಲೇ ನಿಂತುಬಿಟ್ರೆ ನಾನೇ ನಿಮ್ಮನ್ನ ಕರೀತೀನಿ."

"ಮನೇಲಿ ನಾವೇನ್ ಮಾಡಬೇಕು?" ಎಂದರು ತಾಯಿ.

"ಏನು ಬರೆದಿದ್ದೀಯ, ಓದಿ ಹೇಳು ಅನ್ನಿ. ಅವಳು ಓದಿದ್ದನ್ನ ಕೇಳಿ. ಹೆಂಗ್ ಬರೆಯೋದು ಅಂತ ಅವಳೇ ಕೇಳಿದ್ರೆ, ಪದವನ್ನ ನಿಧಾನ ಹೇಳಿ, ಯಾವ ಸದ್ದು ಕೇಳಿಸ್ತು ಅಂತ ಕೇಳಿ. ರಬ್ಬರ್ ಮಾತ್ರ ಸ್ವಲ್ಪ ದಿನ ಎತ್ತಿಡಿ."

ತಪ್ಪಿನ ಆ ಹೆದರಿಕೆ ಬಂದಷ್ಟು ಬೇಗ ಹೋಗಲಿಲ್ಲ. ಹಲವು ದಿನ ಅವಳು ಪ್ರತಿ ಅಕ್ಷರಕ್ಕೂ ತಲೆಯೆತ್ತಿ "ಸರಿನಾ ಟೀಚರ್?" ಎನ್ನುತ್ತಿದ್ದಳು. ಗೊತ್ತಿಲ್ಲದ ಪದದ ಜಾಗದಲ್ಲಿ ಚಿತ್ರ ಬರೆದು ತಪ್ಪಿಸಿಕೊಳ್ಳುತ್ತಿದ್ದಳು. ಅವಳ ಪಕ್ಕ ಕೂತು ಸದ್ದುಗಳನ್ನು ಬಿಡಿಸಿ ಹೇಳುವಾಗ, ಪುಟ್ಟ ಬೆರಳುಗಳು ಪೆನ್ಸಿಲ್ಲನ್ನು ಹಿಚುಕುತ್ತಿದ್ದವು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ, ಬಿಸಿಯೂಟದ ನಂತರ, ಯಾರೂ ಹೇಳದೆಯೇ ಅವಳು ಒಂದು ಹಾಳೆ ತಂದು ನನ್ನ ಮುಂದೆ ಹಿಡಿದಳು. ಬೆಕ್ಕಿನ ಚಿತ್ರ. ಕೆಳಗೆ, "ಬೆಕು ಹಾಲು ಕುಡಿತು ಅಮಿ ಬೈದರು."

"ಓದು," ಎಂದೆ.

ಬೆರಳಿಟ್ಟು ಓದುತ್ತಾ ಹೋದವಳು "ಬೆಕ್ಕು" ಎಂಬಲ್ಲಿ ನಿಂತಳು. ಬಾಯಿಯೊಳಗೇ ಎರಡು ಸಲ ಹೇಳಿಕೊಂಡಳು. "ಟೀಚರ್, ಇಲ್ಲಿ ಕ ಗಟ್ಟಿ ಕೇಳಿಸುತ್ತೆ. ಇನ್ನೊಂದು ಕ ಇದೆ. ಎಲ್ಲಿ ಇಡೋದು?"

ಒತ್ತಕ್ಷರದ ಪಾಠ ಇನ್ನೂ ದೂರವಿತ್ತು. ನಾನು ಅವತ್ತೇ, ಅಲ್ಲೇ, ಅವಳೊಬ್ಬಳಿಗೆ ಅದನ್ನು ಕಲಿಸಿದೆ.