ಡೈರಿಗೆ ನಡೆದು ಹೋಗುವವರು

ನಮ್ಮ ಕಡೆ ವಿಮಾನ ನಿಲ್ದಾಣ ಬಂದು ಹತ್ತಾರು ವರ್ಷವಾದ ಮೇಲಿನ ಮಾತು. ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ನನ್ನ ಗೆಳೆಯ ಕೆಲಸ ಬಿಟ್ಟು ಸ್ವಂತ ಉದ್ಯಮ ಮಾಡುತ್ತೇನೆಂದು ಹಟ ಹಿಡಿದಿದ್ದ. ಅವನ ಮನೆ ನಡೆಯುತ್ತಿದ್ದುದು ಆ ಸಂಬಳದಿಂದಲೇ. ಯಾವ ಉದ್ಯಮ ಎಂದು ಹುಡುಕುವುದು ಅರ್ಥಶಾಸ್ತ್ರ ಓದಿದ ನನ್ನ ಪಾಲಿಗೆ ಬಂತು.

ನಾನು ಎರಡು ಬದಲಾವಣೆಗಳನ್ನು ಹಿಡಿದೆ. ರಸ್ತೆಯಲ್ಲಿ ಎಲೆಕ್ಟ್ರಿಕ್ ಗಾಡಿಗಳು ಹೆಚ್ಚುತ್ತಿದ್ದವು. ಸೂಲಿಬೆಲೆ ಕಡೆ ಅವನ ಊರಿನಲ್ಲಿ ಹಸು ಸಾಕುವವರಿಗೆ ವಯಸ್ಸಾಗುತ್ತಿತ್ತು. ಎರಡೂ ಸೇರುವ ಕಡೆ ಒಂದು ಕೆಲಸವಿರಲೇಬೇಕು. ಸರಕು ಸಾಗಿಸುವ ಎಲೆಕ್ಟ್ರಿಕ್ ಆಟೋ ಕೊಂಡು, ಮುದುಕರ ಮನೆಬಾಗಿಲಿಂದ ಹಾಲಿನ ಕ್ಯಾನ್ ಎತ್ತಿ ಡೈರಿಗೆ ಮುಟ್ಟಿಸುವುದು. ಬೆಳಿಗ್ಗೆ, ಸಂಜೆ ಓಟ. ನಡುವೆ ಮನೆಯಲ್ಲೇ ಚಾರ್ಜು. ದೂರ ಕಡಿಮೆ, ದಾರಿ ಗೊತ್ತಿರುವುದೇ. ಬ್ಯಾಟರಿ ನಡುದಾರಿಯಲ್ಲಿ ಮುಗಿಯುವ ಭಯವಿಲ್ಲ.

‘ಸೋಮವಾರವೇ ರಾಜೀನಾಮೆ ಕೊಡು’ ಎಂದು ನಾನೇ ಹೇಳಿದೆನೆ? ಆಗಿನ ನನ್ನ ದಿನಚರಿ ಪುಸ್ತಕದಲ್ಲಿ ಹಾಗೆ ಬರೆದಿಲ್ಲ. ಆದರೆ ಹೇಳಿದಂತೆ ನೆನಪು. ಅವನು ಇಲ್ಲವೆನ್ನುತ್ತಾನೆ, ನನ್ನ ಮುಖ ನೋಡಿ ಹಾಗೆನ್ನುತ್ತಾನೋ ಏನೋ.

ಭಾನುವಾರ ಬೆಳಿಗ್ಗೆ ಡೈರಿ ಮುಂದೆ ನಿಂತೆವು. ಕ್ಯಾನ್ ಹಿಡಿದು ಕುಂಟುತ್ತಾ ಬಂದ ಒಬ್ಬ ಅಜ್ಜಿಗೆ ಗೆಳೆಯ ಹೇಳಿದ: “ಅಜ್ಜಿ, ಇನ್ಮೇಲೆ ನೀನು ಬರೋದೇ ಬೇಡ. ಹಾಲು ನಾವೇ ಆಟೋದಲ್ಲಿ ತಂದ್ಹಾಕ್ತೀವಿ.”

“ಯಾಕ್ಲಾ, ನಾನೇನು ಸತ್ತೋದ್ನಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು.

“ಕಾಲು ನೋವು ಅಂತೀಯಲ್ಲ, ಅದಕ್ಕೆ.”

“ನೋವು ಐತೆ. ಆದ್ರೆ ಡಿಗ್ರಿ ನೋಡೋವಾಗ ನಾನು ಇಲ್ಲಿರ್ಬೇಕು ಕಣಪ್ಪಾ. ನೀರು ಬಿದ್ದೈತೆ ಅಂದ್ಬಿಟ್ರೆ ಯಾರನ್ನ ಕೇಳ್ಲಿ, ನಿನ್ನಾ?”

ಡಿಗ್ರಿಯೆಂದರೆ ಹಾಲಿಗೆ ಗಾಜಿನ ಕೊಳವೆ ಇಳಿಬಿಟ್ಟು ಗಟ್ಟಿತನ ನೋಡುವುದು. ತನ್ನ ಹಸುವಿನ ಹಾಲನ್ನು ತನ್ನ ಕಣ್ಣೆದುರೇ ಅಳೆಯಬೇಕು. ಅಲ್ಲಿ ಎಲ್ಲರಿಗೂ ಅದೇ ಪದ್ಧತಿ. ನನಗದು ಗೊತ್ತಿರಲಿಲ್ಲ. ಆ ಊರಲ್ಲೇ ಹುಟ್ಟಿದ ಗೆಳೆಯನಿಗೆ ಗೊತ್ತಿತ್ತು, ಆದರೆ ನನ್ನ ಲೆಕ್ಕದ ಹಾಳೆಗಳ ಮುಂದೆ ಮರೆತಿದ್ದ.

“ಅಷ್ಟಿದ್ರೆ ನನ್ನನ್ನೇ ಕೂರಿಸ್ಕೊಂಡು ಬಾ,” ಎಂದರು ಅಜ್ಜಿ. “ಕ್ಯಾನು ಕಾಲ ಹತ್ರ ಇಟ್ಕೋತೀನಿ.”

ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸುವಂತಿಲ್ಲ. ನಾವು ಆರಿಸಿದ್ದ ಗಾಡಿಯೇ ತಪ್ಪಾಗಿತ್ತು.

ವಾಪಸು ಬರುವಾಗ ಗೆಳೆಯ ಅಂದ: “ಗುರು, ನೀನು ವಯಸ್ಸಾದೋರ್ನ ಎಣಿಸ್ದೆ. ಮಾತಾಡಿಸ್ಲಿಲ್ಲ.”

ಸೋಮವಾರ ಅವನು ರಾಜೀನಾಮೆ ಕೊಡಲಿಲ್ಲ. ಮಧ್ಯಾಹ್ನದ ಪಾಳಿ ಕೇಳಿ ಪಡೆದು, ಜನ ಕೂರುವ ಎಲೆಕ್ಟ್ರಿಕ್ ಆಟೋ ಒಂದನ್ನು ಬಾಡಿಗೆಗೆ ತಂದು, ಬೆಳಗಿನ ಹಾಲಿಗೆ ಮಾತ್ರ ಓಡಿಸಿ ನೋಡಿದ. ಮೊದಲ ವಾರ ಪುಕ್ಕಟೆಯಾದ್ದರಿಂದ ಗಾಡಿ ತುಂಬಿತು. ಬಾಡಿಗೆ ಕೇಳಿದ ಮೇಲೆ ಅರ್ಧ ಜನ ಉಳಿದರು. ಡೈರಿ ಮುಗಿದ ಮೇಲೆ ಅವರಲ್ಲೇ ಕೆಲವರು ಅದೇ ಗಾಡಿಯಲ್ಲಿ ಸೂಲಿಬೆಲೆ ಆಸ್ಪತ್ರೆಗೆ ಬಿಪಿ ಮಾತ್ರೆಗೆಂದು ಹೋಗತೊಡಗಿದರು. ಆ ಓಟ ನನ್ನ ಯೋಜನೆಯಲ್ಲಿ ಇರಲೇ ಇಲ್ಲ.

ಎರಡು ತಿಂಗಳಾದ ಮೇಲೆ ಅಜ್ಜಿ ಕೇಳಿದರಂತೆ, “ಸಂಜೆ ಹಾಲಿಗೂ ಬರ್ತೀಯೇನಪ್ಪಾ?”

ಸಂಜೆ ಅವನು ಕಾರ್ಖಾನೆಯಲ್ಲಿರಬೇಕಿತ್ತು. ಬರ್ತೀನಿ ಎಂದುಬಿಟ್ಟು, ಮಾರನೆಯ ದಿನ ರಾಜೀನಾಮೆ ಕೊಟ್ಟ. ನನ್ನನ್ನು ಕೇಳಲಿಲ್ಲ. ಆಗ ನನಗೆ ಸಮಾಧಾನವಾಯಿತೆಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಸ್ವಲ್ಪ ಬೇಸರವೂ ಆಗಿದ್ದಿರಬೇಕು.